ಹಾಸನದ ಪೇಟೆಗೆ ರಾತ್ರಿ ತಣ್ಣಗಾಗಲು ಯಾಕಿಷ್ಟು ಹೊತ್ತು?

ನಗರಗಳ ಬಿಸಿಯ ಬಗ್ಗೆ ಕೆಲವು ವರ್ಷಗಳಿಂದ ಎರಡು ಬಗೆಯ ಸುದ್ದಿ ಓಡಾಡುತ್ತಿವೆ. ಒಂದು, 2024ರಲ್ಲಿ ಭುವನೇಶ್ವರ ಐಐಟಿಯ ಸಂಶೋಧಕರು ದೇಶದ 141 ನಗರಗಳ ಬಗ್ಗೆ ಹೊರತಂದ ಅಧ್ಯಯನ. ನಗರೀಕರಣದಿಂದಾಗಿ ನಗರಗಳು ಶೇ 60ರಷ್ಟು ಹೆಚ್ಚು ಬಿಸಿಯಾಗುತ್ತಿವೆ ಎಂದು ಅದು ಸುದ್ದಿಯಾಯಿತು. ಇನ್ನೊಂದು, 2017ರಲ್ಲಿ ಗಾಂಧಿನಗರ ಐಐಟಿಯಿಂದ ಬಂದದ್ದು. ಬೇಸಿಗೆಯ ಹಗಲಿನಲ್ಲಿ ಭಾರತದ ಬಹುಪಾಲು ನಗರಗಳ ನೆಲ ಸುತ್ತಲಿನ ಹಳ್ಳಿಗಳ ನೆಲಕ್ಕಿಂತ ತಂಪಾಗಿಯೇ ಇರುತ್ತದೆ ಎಂದು ಅದು ಹೇಳಿತ್ತು. ಎರಡನ್ನೂ ಓದಿದವರಿಗೆ ಯಾವುದನ್ನು ನಂಬಬೇಕೆಂಬ ಗೊಂದಲ ಸಹಜ. ನಗರ ಬಿಸಿಯೋ, ತಂಪೋ?

ಎರಡೂ ಸರಿ. ಮೊದಲನೆಯ ಅಧ್ಯಯನ ಅಳೆದದ್ದು ರಾತ್ರಿಯ ತಾಪಮಾನವನ್ನು, ಎರಡನೆಯದರ ಆ ಮಾತು ಹಗಲಿನದ್ದು. ಈ ವ್ಯತ್ಯಾಸ ತಲೆಬರಹಗಳಲ್ಲಿ ಕಳೆದುಹೋಯಿತು, ವಿಷಯದ ತಿರುಳು ಇರುವುದು ಅಲ್ಲಿಯೇ. ನಗರ ಹಳ್ಳಿಗಿಂತ ಬಿಸಿಯಾಗಿರುವುದು ಅದು ಹಗಲಿನಲ್ಲಿ ಹೆಚ್ಚು ಕಾಯುತ್ತದೆ ಎಂಬ ಕಾರಣಕ್ಕಲ್ಲ, ಸಂಜೆಯಾದ ಮೇಲೆ ಬೇಗ ತಣ್ಣಗಾಗುವುದಿಲ್ಲ ಎಂಬ ಕಾರಣಕ್ಕೆ. ಬೆಂಗಳೂರಿನಂಥ ಮಹಾನಗರಕ್ಕಷ್ಟೇ ಅಲ್ಲ, ಹಾಸನದ ಗಾತ್ರದ ಊರಿಗೂ ಈ ಮಾತು ಅನ್ವಯಿಸುತ್ತದೆ. ಹಾಸನವನ್ನೇ ಎದುರಿಗಿಟ್ಟುಕೊಂಡು ನೋಡೋಣ.

ಶೇ 60 ಎಂದರೆ ಏನು

ನಗರಗಳು ಹಳ್ಳಿಗಳಿಗಿಂತ ಶೇ 60ರಷ್ಟು ಹೆಚ್ಚು ಬಿಸಿ ಎಂದು ಇದರ ಅರ್ಥವಲ್ಲ. 2003ರಿಂದ 2020ರವರೆಗಿನ ಉಪಗ್ರಹ ಮಾಹಿತಿಯ ಪ್ರಕಾರ ಈ ನಗರಗಳಲ್ಲಿ ರಾತ್ರಿಯ ನೆಲದ ತಾಪಮಾನ ಸರಾಸರಿ ದಶಕಕ್ಕೆ 0.53 ಡಿಗ್ರಿಯಂತೆ ಏರಿದೆ. ಇದರಲ್ಲಿ ಸುಮಾರು ಶೇ 38ರಷ್ಟು, ಅಂದರೆ 0.2 ಡಿಗ್ರಿ, ನಗರ ಬೆಳೆದದ್ದರಿಂದ ಆದ ಏರಿಕೆ. ಉಳಿದ 0.33 ಡಿಗ್ರಿ ನಗರವೇ ಇಲ್ಲದಿದ್ದರೂ ಆಗುತ್ತಿತ್ತು, ಏಕೆಂದರೆ ಸುತ್ತಲಿನ ಪ್ರದೇಶವೂ ಬಿಸಿಯಾಗುತ್ತಿದೆ. ಈ 0.33ರ ಮೇಲೆ 0.2 ಸೇರಿದರೆ ಅದು ಶೇ 60ರಷ್ಟು ಹೆಚ್ಚಳ. ಶೇ 38, ಶೇ 60 ಎರಡೂ ಒಂದೇ ಲೆಕ್ಕವನ್ನು ಎರಡು ಕಡೆಯಿಂದ ಹೇಳುವ ಅಂಕಿಗಳು.

ಎಲ್ಲಕ್ಕೂ ಹವಾಮಾನ ಬದಲಾವಣೆಯೇ ಕಾರಣ, ನಗರಸಭೆ ಏನು ಮಾಡೀತು ಎನ್ನುವವರಿಗೂ, ಎಲ್ಲಕ್ಕೂ ಕಾಂಕ್ರೀಟೇ ಕಾರಣ ಎನ್ನುವವರಿಗೂ ಈ ಲೆಕ್ಕದಲ್ಲಿ ಉತ್ತರವಿದೆ. ದೊಡ್ಡ ಪಾಲು ಜಗತ್ತಿನ ಬಿಸಿಯದ್ದು. ಆದರೆ ಊರಿನವರ ಕೈಯಲ್ಲಿರುವ ಪಾಲು ಮೂರನೇ ಒಂದಕ್ಕಿಂತ ಹೆಚ್ಚು. ತಳ್ಳಿಹಾಕುವಷ್ಟು ಚಿಕ್ಕದಲ್ಲ ಅದು.

ಹಗಲಿನಲ್ಲಿ ಹೊಲ ಬಿಸಿ, ರಾತ್ರಿ ಪೇಟೆ ಬಿಸಿ

ಏಪ್ರಿಲ್ ತಿಂಗಳಲ್ಲಿ ಹಾಸನದಿಂದ ದುದ್ದದ ಕಡೆಗೋ ಶಾಂತಿಗ್ರಾಮದ ಕಡೆಗೋ ಹೋದರೆ ಕಾಣುವುದು ಬೆಳೆಯಿಲ್ಲದ ಹೊಲಗಳು. ಒಂದೆರಡು ಹದ ಮಳೆ ಬಿದ್ದು ಉಳುಮೆ ಆಗಿದ್ದರೂ ಮೇಲ್ಪದರದ ಮಣ್ಣು ಎರಡೇ ದಿನದಲ್ಲಿ ಒಣಗಿ ಸಡಿಲವಾಗಿ ಬಿದ್ದಿರುತ್ತದೆ. ಸಡಿಲ ಮಣ್ಣಿನ ತುಂಬ ಗಾಳಿ. ಗಾಳಿಯ ಮೂಲಕ ಶಾಖ ಸುಲಭವಾಗಿ ಹರಿಯುವುದಿಲ್ಲ. ಹೀಗಾಗಿ ಬಿಸಿಲಿನ ಶಾಖ ಆಳಕ್ಕೆ ಇಳಿಯದೆ ಮೇಲಿನ ಕೆಲವೇ ಅಂಗುಲದಲ್ಲಿ ನಿಲ್ಲುತ್ತದೆ. ಆವಿಯಾಗಿ ಶಾಖವನ್ನು ಒಯ್ಯಲು ತೇವವಿಲ್ಲ, ನೆರಳಿಗೆ ಎಲೆಯಿಲ್ಲ. ಆದ್ದರಿಂದ ಮಧ್ಯಾಹ್ನ ಅದರ ಮೇಲ್ಮೈ ಸುಡುತ್ತದೆ. ಉಪಗ್ರಹ ಮೇಲಿನಿಂದ ನೋಡಿದಾಗ ಹೊಲ ಕೆಂಪಾಗಿ, ಮರಗಿಡ ಹಾಗೂ ಕಟ್ಟಡಗಳ ನೆರಳಿರುವ ಊರು ಅದಕ್ಕಿಂತ ತಂಪಾಗಿ ಕಾಣುತ್ತದೆ. ಗಾಂಧಿನಗರದವರು 84 ನಗರಗಳನ್ನು ನೋಡಿ ಹೇಳಿದ್ದು ಇದನ್ನೇ. ರಾತ್ರಿಯ ಚಿತ್ರ ಬೇರೆಯೇ ಎಂದೂ ಅದೇ ಅಧ್ಯಯನ ಹೇಳಿತ್ತು.

ಯಾಕೆಂದರೆ ಹಗಲು ಹೊಲವನ್ನು ಕಾಯಿಸಿದ ಅದೇ ಗುಣ ಸಂಜೆ ಅದನ್ನು ತಣಿಸುತ್ತದೆ. ಶಾಖ ಮೇಲ್ಪದರದಲ್ಲೇ ಇರುವುದರಿಂದ ಹೊತ್ತು ಮುಳುಗುತ್ತಿದ್ದಂತೆ ಅದು ಬೇಗ ಖಾಲಿಯಾಗುತ್ತದೆ, ಕೆಳಗಿನಿಂದ ಮೇಲಕ್ಕೆ ಬಂದು ಅದರ ಜಾಗ ತುಂಬಲು ಶಾಖವಿಲ್ಲ. ನೆಲ ತಣ್ಣಗಾದಾಗ ಅದಕ್ಕೆ ತಗಲಿಕೊಂಡ ಗಾಳಿಯೂ ತಣ್ಣಗಾಗುತ್ತದೆ. ಪೇಟೆಯಲ್ಲಿ ಹಾಗಲ್ಲ. ಅಲ್ಲಿ ಗೋಡೆ, ತಾರಸಿ, ಡಾಂಬರು, ಕಾಂಕ್ರೀಟ್ ರಸ್ತೆ ಎಲ್ಲವೂ ಶಾಖವನ್ನು ಒಳಕ್ಕೆ ಎಳೆದುಕೊಂಡಿರುತ್ತವೆ. ಮುಟ್ಟಿದರೆ ಮಧ್ಯಾಹ್ನ ಅಷ್ಟು ಸುಡದಿದ್ದರೂ ಒಳಗಿರುವ ಸಂಗ್ರಹ ದೊಡ್ಡದು.

ಮಾದರಿಗಾಗಿ ಒಂದು ಸಂಜೆಯನ್ನು ಊಹಿಸಿಕೊಳ್ಳೋಣ. ಮೋಡವಿಲ್ಲ, ಗಾಳಿ ಅಲ್ಲಾಡುತ್ತಿಲ್ಲ. ಐದೂವರೆಗೆ ಪೇಟೆಯಲ್ಲೂ ದುದ್ದದ ಹೊಲದಲ್ಲೂ ಗಾಳಿಯ ತಾಪಮಾನ 32 ಡಿಗ್ರಿ. ಹೊಲದ ಮೇಲಿನ ಗಾಳಿ ಮುಂದಿನ ಕೆಲವು ತಾಸು ಗಂಟೆಗೆ ಎರಡರಿಂದ ಎರಡೂವರೆ ಡಿಗ್ರಿಯಂತೆ ಇಳಿದು, ಒಂಬತ್ತೂವರೆಗೆ 23ಕ್ಕೆ ಬರುತ್ತದೆ. ಪೇಟೆ ಗಂಟೆಗೆ ಒಂದೂವರೆ ಡಿಗ್ರಿಯ ಆಸುಪಾಸಿನಲ್ಲಿ ಇಳಿದು ಇನ್ನೂ 26ರ ಮೇಲಿದೆ. ಮೂರು ಡಿಗ್ರಿಗೂ ಮೀರಿದ ಅಂತರ ಹುಟ್ಟಿದ್ದು ಈ ನಾಲ್ಕು ತಾಸಿನಲ್ಲಿ. ಆಮೇಲೆ ಹೊಲದಲ್ಲಿ ಕಳೆದುಕೊಳ್ಳಲು ಹೆಚ್ಚು ಉಳಿದಿರುವುದಿಲ್ಲ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ನಿಧಾನದಲ್ಲಿ ತಣ್ಣಗಾಗುತ್ತವೆ. ಅಂತರ ಸ್ವಲ್ಪ ಕರಗಿದರೂ ಬೆಳಗಿನ ಜಾವದವರೆಗೆ ಉಳಿಯುತ್ತದೆ. ಜಗತ್ತಿನ ಬೇರೆಬೇರೆ ಕಡೆ ನಡೆದ ಅಳತೆಗಳೂ ಇದನ್ನೇ ತೋರಿಸಿವೆ: ನಗರ ಹಾಗೂ ಹಳ್ಳಿಯ ಅಂತರ ಅತಿ ಹೆಚ್ಚಾಗುವುದು ನಡುಮಧ್ಯಾಹ್ನವಲ್ಲ, ಸೂರ್ಯ ಮುಳುಗಿ ಮೂರರಿಂದ ಐದು ತಾಸಿನ ನಂತರ.

ಓಣಿಗೆ ಎಷ್ಟು ಆಕಾಶ ಕಾಣುತ್ತದೆ

ರಾತ್ರಿ ನೆಲ ತಣ್ಣಗಾಗುವ ಮುಖ್ಯ ದಾರಿ ಯಾವುದು? ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಸದಾ ಹೊರಸೂಸುತ್ತಿರುತ್ತದೆ. ನೆಲವೂ ಆಕಾಶಕ್ಕೆ ಸೂಸುತ್ತದೆ, ಆಕಾಶವೂ ನೆಲಕ್ಕೆ ಸ್ವಲ್ಪ ಮರಳಿಸುತ್ತದೆ. ತಿಳಿಯಾದ ರಾತ್ರಿಯಲ್ಲಿ ಕೊಟ್ಟದ್ದು ಹೆಚ್ಚು, ಬಂದದ್ದು ಕಡಿಮೆ. ಬಯಲಲ್ಲಿ ಒಂದು ಚದರ ಮೀಟರ್ ನೆಲ ಒಟ್ಟಾರೆ 80 ವ್ಯಾಟ್‌ನಷ್ಟು ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಬಹುದು. ಮೋಡ ಕವಿದರೆ ಇದು ಕಾಲುಭಾಗಕ್ಕೆ ಇಳಿಯುತ್ತದೆ.

ಈಗ ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನಂಥ ಹಳೇ ಪೇಟೆಯ ಓಣಿಯನ್ನು ನೆನೆಯಿರಿ. ಓಣಿಯ ಅಗಲ 20 ಅಡಿ, ಎರಡೂ ಬದಿಗೆ ಸಾಲಾಗಿ ಮೂರು ಅಂತಸ್ತಿನ, ಅಂದರೆ ಸುಮಾರು 33 ಅಡಿ ಎತ್ತರದ ಕಟ್ಟಡಗಳು ಎಂದುಕೊಳ್ಳೋಣ. ನಡುರಸ್ತೆಯ ನೆಲಕ್ಕೆ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ. ರೇಖಾಗಣಿತದ ಲೆಕ್ಕ ಹಾಕಿದರೆ ನೆಲ ಸೂಸುವ ಕಿರಣಗಳಲ್ಲಿ ಶೇ 29ರಷ್ಟು ಮಾತ್ರ ಆಕಾಶ ಸೇರುತ್ತವೆ. ಉಳಿದ ಶೇ 71 ಎದುರಿನ ಗೋಡೆಗಳಿಗೆ ಬೀಳುತ್ತವೆ, ಅವೂ ಬೆಚ್ಚಗಿರುವುದರಿಂದ ಅಷ್ಟನ್ನೇ ಹಿಂದಿರುಗಿಸುತ್ತವೆ. ಬಯಲಿನಲ್ಲಿ 80 ವ್ಯಾಟ್ ಹೋಗುವಲ್ಲಿ ಇಲ್ಲಿ 23 ವ್ಯಾಟ್ ಅಷ್ಟೇ ಹೋಗುತ್ತದೆ. ಅದೇ ಕಟ್ಟಡಗಳು 80 ಅಡಿ ರಸ್ತೆಯ ಎರಡು ಬದಿಗೆ ಇದ್ದರೆ ನಡುರಸ್ತೆಗೆ ಶೇ 77ರಷ್ಟು ಆಕಾಶ ಕಾಣುತ್ತದೆ, 62 ವ್ಯಾಟ್ ಹೊರಹೋಗುತ್ತದೆ. ಕಟ್ಟಡ ಅದೇ, ಸಿಮೆಂಟು ಅದೇ. ಬದಲಾದದ್ದು ನಡುವಿನ ಅಂತರ ಮಾತ್ರ.

ಸೆಕೆಗಾಲದಲ್ಲಿ ಜನ ಚಾಪೆ ಹಿಡಿದು ತಾರಸಿಗೆ ಹೋಗುವುದರ ಹಿಂದೆಯೂ ಇದೇ ಭೌತಶಾಸ್ತ್ರವಿದೆ. ತಾರಸಿಗೆ ಬಹುತೇಕ ಇಡೀ ಆಕಾಶ ತೆರೆದಿರುತ್ತದೆ. ಹಗಲೆಲ್ಲ ಊರಿನಲ್ಲೇ ಅತಿ ಹೆಚ್ಚು ಕಾದ ಜಾಗ ಅದು, ಆದರೂ ಮಧ್ಯರಾತ್ರಿಯ ಹೊತ್ತಿಗೆ ಕೆಳಗಿನ ಓಣಿಗಿಂತ ತಂಪಾಗಿರುತ್ತದೆ.

ತಾರಸಿಯ ಕೆಳಗೆ ಮಲಗುವವರ ಲೆಕ್ಕ

ತಾರಸಿಯ ಮೇಲ್ಭಾಗ ತಣ್ಣಗಾದರೂ ಕೆಳಗಿನ ಕೋಣೆಯ ಕತೆ ಬೇರೆ. ಸಾವಿರ ಚದರ ಅಡಿಯ ಮನೆಗೆ ಐದು ಅಂಗುಲ ದಪ್ಪದ ಆರ್‌ಸಿಸಿ ಮೋಲ್ಡ್ ಹಾಕಿದೆ ಎನ್ನಿ. ಬೆಳಗ್ಗೆಗೆ ಹೋಲಿಸಿದರೆ ಸಂಜೆಗೆ ಅದರ ಸರಾಸರಿ ತಾಪಮಾನ 12 ಡಿಗ್ರಿ ಏರಿದ್ದರೆ, ಅದರೊಳಗೆ ಸೇರಿರುವ ಶಾಖ ಸುಮಾರು 80 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಪುಟ್ಟ ಸಂಸಾರದ ಹಲವು ವಾರಗಳ ಬಳಕೆ ಅದು. ರಾತ್ರಿಯ 12 ತಾಸಿನಲ್ಲಿ ಅದಷ್ಟೂ ಹೊರಬರಬೇಕು. ಒಂದು ಪಾಲು ಮೇಲಕ್ಕೆ ಹೋಗುತ್ತದೆ, ಇನ್ನೊಂದು ಪಾಲು ಕೋಣೆಗೆ ಇಳಿಯುತ್ತದೆ. ಐದು ಅಂಗುಲ ದಾಟಿ ಬರಲು ಶಾಖಕ್ಕೆ ಮೂರು ನಾಲ್ಕು ತಾಸು ಬೇಕಾಗುವುದರಿಂದ ಮಧ್ಯಾಹ್ನದ ಬಿಸಿಲು ಸಂಜೆಯ ಹೊತ್ತಿಗೆ ಕೋಣೆಗೆ ಇಳಿಯತೊಡಗಿ, ಮನೆಮಂದಿ ಊಟ ಮುಗಿಸಿ ಮಲಗಲು ಹೊರಡುವಾಗಲೂ ಇಳಿಯುತ್ತಲೇ ಇರುತ್ತದೆ. ಹೊರಗೆ ತಂಪಾದರೂ ಒಳಗೆ ಫ್ಯಾನು ಬಿಸಿಗಾಳಿ ಬೀಸುತ್ತದೆ ಎಂಬ ದೂರಿಗೆ ಇದೇ ಕಾರಣ.

ಮಂಗಳೂರು ಹೆಂಚಿನ ಮಾಡು ಇದೇ ವಿಸ್ತೀರ್ಣಕ್ಕೆ ಹಿಡಿದಿಡುವ ಶಾಖ ಹತ್ತನೇ ಒಂದು ಪಾಲಿನಷ್ಟು. ಹಗಲಿನಲ್ಲಿ ಹೆಂಚಿನ ಮನೆ ಕಾಯುತ್ತದೆ, ನಿಜ. ಆದರೆ ಹೊತ್ತು ಮುಳುಗಿದ ಅರ್ಧ ಮುಕ್ಕಾಲು ತಾಸಿನಲ್ಲಿ ಹೆಂಚು ತನ್ನ ಶಾಖವನ್ನೆಲ್ಲ ಬಿಟ್ಟುಕೊಟ್ಟಿರುತ್ತದೆ. ಹಾಗೆಂದು ಎಲ್ಲರೂ ಹೆಂಚಿಗೆ ಮರಳಿ ಎನ್ನುವುದು ಸರಿಯಲ್ಲ. ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಆಸೆ ಇರುವವರಿಗೆ, ಕಳ್ಳಕಾಕರ ಮಳೆಗಾಳಿಯ ಭಯ ಇರುವವರಿಗೆ ಆರ್‌ಸಿಸಿಯೇ ಬೇಕು. ಮೋಲ್ಡಿನ ಮೇಲೆ ಬಿಸಿಲನ್ನು ತಿರುಗಿಸುವ ಬಿಳಿ ಬಣ್ಣ ಬಳಿದರೆ ಸಂಗ್ರಹವಾಗುವ ಶಾಖವೇ ಕಡಿಮೆಯಾಗುತ್ತದೆ. ಆದರೆ ಧೂಳು, ಪಾಚಿ ಕಟ್ಟಿದಂತೆ ಅದರ ಗುಣ ಕುಂದುತ್ತದೆ, ಹಾಸನದ ಮಳೆಗಾಲ ಮುಗಿದ ಮೇಲೆ ಪಾಚಿ ಉಜ್ಜಿ ತೆಗೆದು ಬೇಸಿಗೆಗೆ ಮುಂಚೆ ಮತ್ತೆ ಬಳಿಯದಿದ್ದರೆ ಪ್ರಯೋಜನ ಅರ್ಧಂಬರ್ಧ.

ವಾಹನ, ಎಸಿ, ಅಡುಗೆ ಒಲೆ

ಪೇಟೆಯ ಬಿಸಿಗೆ ವಾಹನಗಳನ್ನೂ ಎಸಿಯನ್ನೂ ದೂರುವವರು ಬಹಳ. ದೊಡ್ಡ ನಗರಗಳ ನಡುಭಾಗದಲ್ಲಿ ಅವುಗಳ ಪಾಲು ನಿಜಕ್ಕೂ ದೊಡ್ಡದು. ಹಾಸನದ ಮಟ್ಟಿಗೆ ಲೆಕ್ಕ ಹಾಕಿ ನೋಡಬಹುದು. ಒಬ್ಬ ಮನುಷ್ಯನ ಮೈಯಿಂದ ಹೊರಬರುವ ಶಾಖ ಸುಮಾರು 100 ವ್ಯಾಟ್. ಮನೆಯ ವಿದ್ಯುತ್ತು, ಅಡುಗೆ ಅನಿಲ, ದಿನದ ಪೆಟ್ರೋಲು ಎಲ್ಲದರಲ್ಲಿ ಒಬ್ಬರ ಪಾಲು ಸೇರಿಸಿದರೆ ಒಟ್ಟು 300 ವ್ಯಾಟ್ ಆಗಬಹುದು. ಚದರ ಕಿಲೋಮೀಟರಿಗೆ ಹತ್ತು ಸಾವಿರ ಜನರಿರುವ ದಟ್ಟ ಬಡಾವಣೆಯಲ್ಲೂ ಇದು ಚದರ ಮೀಟರಿಗೆ 3 ವ್ಯಾಟ್. ಏಪ್ರಿಲ್ ಮಧ್ಯಾಹ್ನದ ಬಿಸಿಲು ಅದೇ ಜಾಗಕ್ಕೆ ಸುರಿಯುವುದು ಸುಮಾರು 900 ವ್ಯಾಟ್.

ಇನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಲ್ಯೂಕ್ ಹೋವರ್ಡ್ ಎಂಬಾತ ನಗರದ ಹೊರಗೂ ಒಳಗೂ ವರ್ಷಗಟ್ಟಲೆ ತಾಪಮಾನ ದಾಖಲಿಸಿದ. ರಾತ್ರಿ ನಗರ ಸುಮಾರು 2 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿತ್ತು, ಹಗಲಿನಲ್ಲಿ ತುಸು ತಂಪಾಗಿಯೇ ಇತ್ತು. ಲಂಡನ್ನಿನಲ್ಲಿ ಆಗ ಕಲ್ಲಿದ್ದಲ ಒಲೆಗಳಿದ್ದವು, ಕಾರೂ ಇರಲಿಲ್ಲ, ಎಸಿಯೂ ಇರಲಿಲ್ಲ. ಹಾಸನದಂಥ ಊರಿನಲ್ಲಿ ಎಸಿ ತಂದೊಡ್ಡುವ ತೊಂದರೆ ಬೇರೆ: ಅದು ಒಬ್ಬರ ಕೋಣೆಯ ಬಿಸಿಯನ್ನು ಇಕ್ಕಟ್ಟಾದ ಓಣಿಗೆ, ಪಕ್ಕದ ಮನೆಯ ಕಿಟಕಿಯ ಎದುರಿಗೆ ಹಾಕುತ್ತದೆ. ಊರಿನ ಒಟ್ಟು ಲೆಕ್ಕದಲ್ಲಿ ಚಿಕ್ಕದಾದರೂ ಕಿಟಕಿ ತೆರೆದು ಮಲಗುವ ಆ ನೆರೆಯವರಿಗೆ ಅದು ಚಿಕ್ಕದಲ್ಲ.

ಯಾವ ಹಳ್ಳಿಗೆ ಹೋಲಿಸುತ್ತೀರಿ?

ಹಾಸನ ತನ್ನ ಸುತ್ತಲಿಗಿಂತ ಎಷ್ಟು ಡಿಗ್ರಿ ಬಿಸಿ ಎಂದು ಕೇಳಿದರೆ ಒಂದೇ ಉತ್ತರ ಸಿಗದು, ಏಕೆಂದರೆ ಹಾಸನದ ಸುತ್ತ ಒಂದೇ ಬಗೆಯ ನೆಲವಿಲ್ಲ. ಪೂರ್ವಕ್ಕೆ ಒಣ ಹೊಲ. ಅಲ್ಲಿ ಅಂತರ ಹೆಚ್ಚು. ಗೊರೂರಿನ ಕಡೆ ಹೇಮಾವತಿಯ ನೀರುಂಡ ಗದ್ದೆಗಳಿರುವಲ್ಲಿಗೆ ಹೋದರೆ ಅಂತರ ಕುಗ್ಗುತ್ತದೆ. ಒದ್ದೆ ಮಣ್ಣು ಶಾಖ ಹಿಡಿದಿಡುವುದರಲ್ಲಿ ಕಾಂಕ್ರೀಟಿಗೆ ಸಾಟಿ, ಕೆಲವೊಮ್ಮೆ ಅದನ್ನೂ ಮೀರಿಸುತ್ತದೆ. ಪಶ್ಚಿಮಕ್ಕೆ ಆಲೂರು ದಾಟಿ ಸಕಲೇಶಪುರದ ಕಾಫಿ ತೋಟದೊಳಗೆ ಥರ್ಮಾಮೀಟರ್ ಇಟ್ಟರೆ ಅಲ್ಲಿ ಸಿಲ್ವರ್ ಓಕ್, ಅತ್ತಿ, ಬಸರಿಯಂಥ ನೆರಳಿನ ಮರಗಳೇ ನೆಲಕ್ಕೂ ಆಕಾಶಕ್ಕೂ ನಡುವೆ ನಿಲ್ಲುತ್ತವೆ. ತೋಟದ ನೆಲ ಹಗಲು ತಂಪು, ರಾತ್ರಿ ಮಾತ್ರ ಬಯಲಿನಷ್ಟು ಬೇಗ ತಣಿಯುವುದಿಲ್ಲ.

ಚಿಕ್ಕಮಗಳೂರಿನಲ್ಲಿ ಈ ಹೋಲಿಕೆ ಇನ್ನೂ ಕಷ್ಟ. ಬೆಟ್ಟದ ಬುಡದ ಊರು ಅದು. ನೂರು ಮೀಟರ್ ಮೇಲಕ್ಕೆ ಹೋದರೆ ತಾಪಮಾನ ಸುಮಾರು 0.65 ಡಿಗ್ರಿಯಷ್ಟು ಇಳಿಯುವುದು ಎತ್ತರದ ಕಾರಣಕ್ಕೆ, ಅದನ್ನು ನಗರದ ಖಾತೆಗೆ ಬರೆಯಬಾರದು. ಜೊತೆಗೆ, ಗಾಳಿಯಿಲ್ಲದ ರಾತ್ರಿ ಬೆಟ್ಟದ ಮೈಯಲ್ಲಿ ತಣಿದ ಭಾರದ ಗಾಳಿ ತಗ್ಗಿಗೆ ಹರಿದು ಬಂದು ನಿಲ್ಲುತ್ತದೆ. ತಗ್ಗಿನ ತೋಟ ಪೇಟೆಗಿಂತ ನಾಲ್ಕು ಡಿಗ್ರಿ ತಂಪಿದ್ದರೆ ಅದರಲ್ಲಿ ಪೇಟೆಯ ತಪ್ಪೆಷ್ಟು, ಬೆಟ್ಟದ ಕೊಡುಗೆಯೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಸುಮಾರು ಒಂದೇ ಎತ್ತರದ, ತಗ್ಗಿನಲ್ಲಿಲ್ಲದ ಜಾಗಗಳನ್ನು ಹೋಲಿಸಿದರೆ ಮಾತ್ರ ಅಂಕಿಗೆ ಅರ್ಥ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪಕಗಳು ಹೋಬಳಿ ಮಟ್ಟದಲ್ಲಿವೆ. ಹಾಸನದ ಕಸಬಾ ಹೋಬಳಿಯ ಕನಿಷ್ಠ ತಾಪಮಾನವನ್ನು ದುದ್ದ, ಶಾಂತಿಗ್ರಾಮದ ಅಂಕಿಗಳ ಜೊತೆ, ಮೋಡವಿಲ್ಲದ ಗಾಳಿಯಿಲ್ಲದ ರಾತ್ರಿಗಳನ್ನಷ್ಟೇ ಆರಿಸಿ ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆದರೆ ಮಾಪಕ ನಿಂತಿರುವುದು ಹುಲ್ಲಿನ ಮೇಲೋ, ಕಟ್ಟಡಗಳ ನಡುವೆಯೋ ಎಂದು ಮೊದಲು ಕಣ್ಣಾರೆ ನೋಡಬೇಕು.

ಇಲ್ಲೊಂದು ಅಚ್ಚರಿಯೂ ಇದೆ. ವರ್ಷದಲ್ಲಿ ಈ ಅಂತರ ಅತಿ ದೊಡ್ಡದಾಗುವುದು ಡಿಸೆಂಬರ್, ಜನವರಿಯ ಒಣ, ತಿಳಿ ರಾತ್ರಿಗಳಲ್ಲಿ. ಆಗ ಪೇಟೆಯ ಬಿಸುಪು ಯಾರಿಗೂ ಬೇಡವೆನಿಸುವುದಿಲ್ಲ. ಮುಂಗಾರಿನ ಮೋಡ, ಗಾಳಿ ಬಂದಾಗ ಅದು ಬಹುತೇಕ ಅಳಿಸಿಹೋಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಂತರ ಮಧ್ಯಮ, ಆದರೆ ಒಂದೊಂದು ಡಿಗ್ರಿಯೂ ನಿದ್ದೆಗೆ ಭಾರವಾಗುವುದು ಆಗಲೇ.

ಎಚ್ಚರಿಕೆಯ ಮಾನದಂಡಕ್ಕೆ ಸಿಗದ ರಾತ್ರಿ

ಹಗಲಿನ ಬಿಸಿಯಿಂದ ದಣಿದ ಮೈ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಆ ತಂಪು ಸಿಗದಿದ್ದರೆ ಹೃದಯದ ಕೆಲಸ ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ. ವಯಸ್ಸಾದವರಿಗೆ, ಬಿಸಿಲಲ್ಲಿ ದುಡಿದು ತಗಡಿನ ಇಲ್ಲವೇ ಮೋಲ್ಡಿನ ಒಂದೇ ಕೋಣೆಗೆ ಮರಳುವವರಿಗೆ ಇದರ ಪೆಟ್ಟು ಹೆಚ್ಚು.

ಭಾರತೀಯ ಹವಾಮಾನ ಇಲಾಖೆ ಬಿಸಿ ರಾತ್ರಿಗಳನ್ನು ಗುರುತಿಸುತ್ತದೆ. ಆದರೆ ಅದಕ್ಕೆ ಎರಡು ಷರತ್ತುಗಳಿವೆ: ಆ ರಾತ್ರಿಯ ಕನಿಷ್ಠ ತಾಪಮಾನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಹಗಲಿನ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿರಬೇಕು. ಉತ್ತರ ಭಾರತದ ಬಯಲಿಗೆ ಇದು ಹೊಂದುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಹಾಸನದಲ್ಲಿ ಕಡು ಬೇಸಿಗೆಯಲ್ಲೂ ಪಾದರಸ ಸಾಮಾನ್ಯವಾಗಿ 40ಕ್ಕೆ ಏರುವುದಿಲ್ಲ. ಹಾಗಾಗಿ ಇಲ್ಲಿನ ರಾತ್ರಿ ಎಷ್ಟೇ ಬೆಚ್ಚಗಾದರೂ ಆ 40ರ ಬಾಗಿಲಲ್ಲೇ ಎಚ್ಚರಿಕೆ ನಿಂತುಬಿಡುತ್ತದೆ. ತಂಪಾದ ಊರೆಂದು ಫ್ಯಾನಿಲ್ಲದೆ ಬದುಕಿದ, ಸೆಕೆಗೆ ಮೈ ಒಗ್ಗದ ಜನರಿರುವ ಊರಿಗೆ ಬೇರೆಯ ಮಾನದಂಡ ಬೇಕೆಂಬ ವಾದದಲ್ಲಿ ಹುರುಳಿದೆ.

ಕೆರೆ, ಮರ, ರಸ್ತೆಯ ಅಗಲ

ಪರಿಹಾರದ ಮಾತು ಬಂದಾಗ ಮೊದಲು ಕೇಳಿಬರುವುದು ಕೆರೆ ಉಳಿಸಿ, ಮರ ನೆಡಿ ಎಂಬುದು. ಎರಡೂ ಬೇಕು, ಆದರೆ ರಾತ್ರಿಯ ಬಿಸಿಗೆ ಅವು ಮಾಡುವ ಕೆಲಸವನ್ನು ಸರಿಯಾಗಿ ತಿಳಿಯಬೇಕು. ನೀರು ಶಾಖವನ್ನು ನೆಲಕ್ಕಿಂತ ಹೆಚ್ಚು ಹಿಡಿದಿಡುತ್ತದೆ, ಬೆಳಗಿನ ಜಾವ ಕೆರೆಯ ನೀರು ದಡದ ಮಣ್ಣಿಗಿಂತ ಬೆಚ್ಚಗಿರುತ್ತದೆ. ಹುಣಸಿನಕೆರೆಯಂಥ ಕೆರೆಯಿಂದ ರಾತ್ರಿ ಸಿಗುವ ದೊಡ್ಡ ಉಪಕಾರ ಅದರ ನೀರಿನ ತಂಪಲ್ಲ, ಕಟ್ಟಡವಿಲ್ಲದೆ ತೆರೆದುಕೊಂಡ ಜಾಗ ಹಾಗೂ ಅಲ್ಲಿ ತಡೆಯಿಲ್ಲದೆ ಆಡುವ ಗಾಳಿ. ಮರ ಹಗಲಿನಲ್ಲಿ ಗೋಡೆ, ರಸ್ತೆಗೆ ನೆರಳಾಗಿ ಶಾಖ ಒಳಸೇರುವುದನ್ನೇ ತಪ್ಪಿಸುತ್ತದೆ, ರಾತ್ರಿಗೆ ಅದರ ಲಾಭ ಸಿಗುತ್ತದೆ. ಆದರೆ ಕಿರಿದಾದ ಓಣಿಯ ಮೇಲೆ ಕೊಂಬೆಗಳು ಚಪ್ಪರದಂತೆ ಕೂಡಿಕೊಂಡರೆ ಉಳಿದ ತುಣುಕು ಆಕಾಶವೂ ಮುಚ್ಚುತ್ತದೆ. ಪಶ್ಚಿಮದ ಬಿಸಿಲು ಬೀಳುವ ಗೋಡೆಗಳ ಎದುರು, ನಡುವೆ ಜಾಗ ಬಿಟ್ಟು ನೆಟ್ಟ ಮರಗಳು ಹೆಚ್ಚು ಉಪಯುಕ್ತ.

ಮರ ಕಡಿದರೆ ಮತ್ತೆ ನೆಡಬಹುದು, ತಾರಸಿಗೆ ಯಾವಾಗ ಬೇಕಾದರೂ ಬಿಳಿ ಬಳಿಯಬಹುದು. ಒಮ್ಮೆ ಕಟ್ಟಡಗಳು ಎದ್ದ ಮೇಲೆ ರಸ್ತೆಯ ಅಗಲವನ್ನು ಮಾತ್ರ ಬದಲಿಸಲಾಗದು. ಹಾಸನದ ಸುತ್ತ ಹೊಲಗಳು ಸೈಟುಗಳಾಗುತ್ತಿವೆ, ಹೊಸ ಲೇಔಟ್‌ಗಳಲ್ಲಿ 30 ಅಡಿ ರಸ್ತೆ ಸಾಮಾನ್ಯ. ಎರಡು ಬದಿಗೆ ರಸ್ತೆಯ ಅಂಚಿನವರೆಗೂ ಮೂರು ಅಂತಸ್ತಿನ ಮನೆಗಳಾದರೆ ನಡುರಸ್ತೆಗೆ ಶೇ 41ರಷ್ಟು ಆಕಾಶ ಉಳಿಯುತ್ತದೆ. ಬಾಡಿಗೆಯ ಆಸೆಗೆ ಇನ್ನೆರಡು ಅಂತಸ್ತು ಏರಿ ಎತ್ತರ 55 ಅಡಿಯಾದರೆ ಅದು ಶೇ 26ಕ್ಕೆ, ಅಂದರೆ ಹಳೇ ಪೇಟೆಯ 20 ಅಡಿ ಓಣಿಗಿಂತಲೂ ಕೆಳಕ್ಕೆ ಬಂದು ನಿಲ್ಲುತ್ತದೆ. ಮನೆಯ ಮುಂದೆ ಐದೈದು ಅಡಿ ಬಿಟ್ಟು ಮೂರು ಅಂತಸ್ತಿಗೆ ನಿಂತರೆ ಶೇ 52 ಉಳಿಯುತ್ತದೆ. ಲೇಔಟಿಗೆ ಮಂಜೂರಾತಿ ಕೊಡುವಾಗ, ಮನೆಯ ಪ್ಲಾನಿಗೆ ಸಹಿ ಹಾಕುವಾಗ, ಮನೆಯ ಮುಂದೆ ಬಿಡಬೇಕಾದ ಜಾಗವನ್ನು ಮುಚ್ಚಿ ಅಂಗಡಿ ಮಾಡಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವಾಗ ಈ ಲೆಕ್ಕ ಕಡತದಲ್ಲಿ ಎಲ್ಲೂ ಇರುವುದಿಲ್ಲ. ಕಟ್ಟಡದ ಎತ್ತರಕ್ಕೂ ರಸ್ತೆಯ ಅಗಲಕ್ಕೂ ಇರುವ ಅನುಪಾತವನ್ನು ನಕ್ಷೆಯ ಮೇಲೆಯೇ, ಮೊದಲ ಪಾಯ ತೋಡುವ ಮುಂಚೆಯೇ ನೋಡಬಹುದು, ಅದಕ್ಕೆ ಉಪಗ್ರಹವೂ ಬೇಡ, ಅಳೆಯುವ ಟೇಪು ಸಾಕು.